ಸುಮ್ಮನೆ ಮಲಗಿರುವ ಅಜ್ಜಿಗೆ ಆಗಿರುವುದು ಖಿನ್ನತೆಯೇ, ಡೆಲಿರಿಯಂ ಆಗಿರಬಹುದೇ?

ರಾತ್ರಿಯೆಲ್ಲ ಕೂಗಾಡಿ ಡ್ರಿಪ್ ಕಿತ್ತುಹಾಕುವ ವೃದ್ಧರಿಗೆ ಡೆಲಿರಿಯಂ, ಅಂದರೆ ದೇಹದ ತೊಂದರೆ ಅಥವಾ ಔಷಧದಿಂದ ಹಠಾತ್ತಾಗಿ ಬರುವ ಬುದ್ಧಿಯ ಗೊಂದಲ, ಆಗಿದೆಯೆಂದು ವಾರ್ಡಿನಲ್ಲಿ ಎಲ್ಲರಿಗೂ ಬೇಗ ತಿಳಿಯುತ್ತದೆ. ಕಣ್ತಪ್ಪುವುದು ಗೋಡೆಗೆ ಮುಖ ಮಾಡಿ ಮಲಗಿರುವವರ ವಿಷಯದಲ್ಲಿ. ಊಟ ಬೇಡ, ಮಾತಿಲ್ಲ, ಯಾರಿಗೂ ತೊಂದರೆಯಿಲ್ಲ. ಕೇಸ್ ಶೀಟಿನಲ್ಲಿ ‘ಖಿನ್ನತೆ ಇರಬಹುದು’ ಎಂದು ಬರೆದು ನಮ್ಮನ್ನು ಕರೆಸುತ್ತಾರೆ. ಹೋಗಿ ನೋಡಿದರೆ ಎಷ್ಟೋ ಸಲ ಅದು ಸದ್ದಿಲ್ಲದ ಡೆಲಿರಿಯಂ.

ಇಂಥ ಕೇಸ್ ಸಾಮಾನ್ಯವಾಗಿ ಹೀಗಿರುತ್ತದೆ: 78 ವರ್ಷದ ಹೆಂಗಸು, ತೊಡೆಮೂಳೆ ಮುರಿದು ಆಪರೇಷನ್ ಆಗಿ ಮೂರನೇ ದಿನ. ನಾನು ರೋಗಿಯನ್ನು ಮಾತಾಡಿಸುವ ಮೊದಲು ಮನೆಯವರನ್ನು ಕೇಳುತ್ತೇನೆ, ‘ಹೋದ ವಾರ ಇವರು ಹೇಗಿದ್ದರು?’ ಮಗಳ ಉತ್ತರ: ‘ಅಮ್ಮ ಮಾತ್ರೆಗಳನ್ನ ತಾವೇ ನೋಡಿ ತಗೋತಿದ್ರು ಡಾಕ್ಟ್ರೇ. ಆಪರೇಷನ್ ಆದ ಮಾರನೇ ದಿನದಿಂದ ಹೀಗಾಗಿದ್ದಾರೆ. ಬೆಳಿಗ್ಗೆ ಒಂದೆರಡು ಮಾತಾಡ್ತಾರೆ, ಸಾಯಂಕಾಲ ನನ್ನ ಗುರುತೇ ಹಿಡಿಯಲ್ಲ.’ ಅರ್ಧ ರೋಗನಿರ್ಣಯ ಇದರಲ್ಲೇ ಆಯಿತು. ಡಿಮೆನ್ಷಿಯಾ ಎಂಬ ಮರೆಗುಳಿ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಖಿನ್ನತೆಗೆ ವಾರಗಳು ಬೇಕು. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಶುರುವಾಗಿ, ಒಂದೇ ದಿನದಲ್ಲಿ ಏರಿಳಿಯುವುದು ಡೆಲಿರಿಯಂ.

ಆಮೇಲೆ ಕನ್ನಡಕ, ಕಿವಿಯ ಯಂತ್ರ ಹಾಕಿಸಿ, ಡೆಲಿರಿಯಂ ಪತ್ತೆಹಚ್ಚುವ 4ಎಟಿ ಎಂಬ ಚಿಕ್ಕ ಪರೀಕ್ಷೆ ಮಾಡುತ್ತೇನೆ. ಕಿವಿ ಕೇಳಿಸದೆ ಉತ್ತರಿಸದವರಿಗೆ ಡೆಲಿರಿಯಂ ಎಂದು ಹೆಸರಿಡಬಾರದು. ಪರೀಕ್ಷೆಯಲ್ಲಿರುವುದು ನಾಲ್ಕೇ ಅಂಶ. ಎಚ್ಚರ: ಈ ಅಜ್ಜಿ ಭುಜ ತಟ್ಟಿದರೆ ಕಣ್ಣು ಬಿಟ್ಟು ಮತ್ತೆ ತೂಕಡಿಸುತ್ತಾರೆ, 4 ಅಂಕ. ವಯಸ್ಸು, ಹುಟ್ಟಿದ ದಿನ, ಈಗಿರುವ ಜಾಗ, ವರ್ಷ: ಎರಡು ತಪ್ಪು, 2 ಅಂಕ. ತಿಂಗಳುಗಳನ್ನು ಹಿಂದಿನಿಂದ ಹೇಳುವುದು: ‘ಡಿಸೆಂಬರ್, ನವೆಂಬರ್, ಅಕ್ಟೋಬರ್...’ ಎಂದು ಅಲ್ಲಿಗೇ ನಿಂತು ಕಿಟಕಿ ನೋಡುತ್ತಾರೆ. ಏಳು ತಿಂಗಳು ಮುಟ್ಟದ್ದಕ್ಕೆ 1. ಹಠಾತ್ತಾದ ಬದಲಾವಣೆಗೆ 4. ಒಟ್ಟು 11. ನಾಲ್ಕು ಅಥವಾ ಹೆಚ್ಚು ಬಂದರೆ ಡೆಲಿರಿಯಂ ಎಂದೇ ಹಿಡಿದು ಕಾರಣ ಹುಡುಕಬೇಕು.

ಡೆಲಿರಿಯಂ, ಖಿನ್ನತೆ, ಡಿಮೆನ್ಷಿಯಾ ಮೂರನ್ನೂ ಬೇರ್ಪಡಿಸಲು ನನಗೆ ಹೆಚ್ಚು ನೆರವಾಗುವುದು ತಿಂಗಳುಗಳ ಪ್ರಶ್ನೆ. ಡೆಲಿರಿಯಂ ಇರುವವರ ಗಮನ ನಡುವೆಯೇ ಜಾರುತ್ತದೆ, ಕೇಳಿದ್ದೇನೆಂಬುದೂ ಮರೆತಿರುತ್ತದೆ. ಖಿನ್ನತೆಯವರು ‘ಗೊತ್ತಿಲ್ಲ, ಬಿಡಿ’ ಎನ್ನುತ್ತಾರೆ. ಆದರೆ ಸಮಯ ಕೊಟ್ಟು ಮೆಲ್ಲಗೆ ಒತ್ತಾಯಿಸಿದರೆ ನಿಧಾನವಾಗಿಯಾದರೂ ಮುಗಿಸಬಲ್ಲರು. ತಮ್ಮ ದುಃಖವನ್ನೂ ‘ನಾನು ಎಲ್ಲರಿಗೂ ಹೊರೆ’ ಎಂಬ ಮಾತನ್ನೂ ಜೋಡಿಸಿ ಹೇಳಬಲ್ಲರು. ಡಿಮೆನ್ಷಿಯಾದ ಆರಂಭದಲ್ಲಿರುವವರು ಪೂರ್ತಿ ಎಚ್ಚರವಾಗಿದ್ದು ಪ್ರಯತ್ನಿಸುತ್ತಾರೆ, ಐದು ನಿಮಿಷದ ಹಿಂದೆ ಹೇಳಿದ್ದು ಮಾತ್ರ ನೆನಪಿರುವುದಿಲ್ಲ. ಡಿಮೆನ್ಷಿಯಾ ಬಲಿತವರಲ್ಲಿ ಅಂಕ ಹೇಗೂ ಹೆಚ್ಚು ಬರುತ್ತದೆ. ಅಲ್ಲಿ ‘ಮೊನ್ನೆಗಿಂತ ಈಗ ಬೇರೆಯಾಗಿದ್ದಾರಾ?’ ಎಂಬ ಪ್ರಶ್ನೆಗೇ ತೂಕ. ಡಿಮೆನ್ಷಿಯಾ ಇದ್ದವರಿಗೇ ಡೆಲಿರಿಯಂ ಸುಲಭವಾಗಿ ಹತ್ತುತ್ತದೆ, ಎರಡೂ ಒಟ್ಟಿಗಿರಬಹುದು.

ಇನ್ನು ಕಾರಣ. ಹೊಟ್ಟೆ ಮುಟ್ಟಿ ನೋಡದೆ ನಾನು ಮಂಚದ ಬಳಿಯಿಂದ ಹೋಗುವುದಿಲ್ಲ. ಈ ಅಜ್ಜಿಯ ಕೆಳಹೊಟ್ಟೆ ಉಬ್ಬಿದೆ, ಸ್ಕ್ಯಾನಿನಲ್ಲಿ 700 ಮಿಲಿ ಮೂತ್ರ ಕಟ್ಟಿದೆ. ನಾಲ್ಕು ದಿನದಿಂದ ಮಲವಿಸರ್ಜನೆಯಿಲ್ಲ. ಡ್ರಗ್ ಚಾರ್ಟಿನಲ್ಲಿ ನೋವಿಗೆ ಟ್ರಮಡಾಲ್, ತುರಿಕೆಗೆ ಫೆನಿರಮೈನ್. ಎರಡೂ ವೃದ್ಧರ ತಲೆ ಮಂಕು ಮಾಡಬಲ್ಲವು. ಫೆನಿರಮೈನ್ ಮೂತ್ರವನ್ನೂ ಕಟ್ಟಿಸುತ್ತದೆ. ರಕ್ತದಲ್ಲಿ ಸೋಡಿಯಂ 126ಕ್ಕೆ ಇಳಿದಿದೆ. ಇಷ್ಟರ ಮೇಲೆ ಆಕ್ಸಿಜನ್, ಸಕ್ಕರೆ, ಸೋಂಕು ನೋಡಿಯೇ ಮುಂದೆ ಹೋಗಬೇಕು. ಒಂದು ಕಾರಣ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದರೆ ಉಳಿದವು ಹಾಗೇ ಕೂತಿರುತ್ತವೆ.

ಇಲ್ಲಿ ಖಿನ್ನತೆಯೆಂದುಕೊಂಡು ಎಸ್ಸಿಟಲೊಪ್ರಾಮ್ ಕೊಟ್ಟಿದ್ದರೆ ಸೋಡಿಯಂ ಇನ್ನೂ ಇಳಿಯಬಹುದಿತ್ತು. ನಿದ್ದೆಗೆಂದು ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರೆ ಮೂತ್ರ, ಮಲ, ಮಂಕು ಮೂರೂ ಬಿಗಡಾಯಿಸಬಹುದಿತ್ತು. ಡಿಮೆನ್ಷಿಯಾ ಎಂದಿದ್ದರೆ ಯಾರೂ ಹೊಟ್ಟೆ ಮುಟ್ಟುತ್ತಲೇ ಇರಲಿಲ್ಲ.

ಆದ್ದರಿಂದ ಫೆನಿರಮೈನ್ ನಿಲ್ಲಿಸಿ, ಟ್ರಮಡಾಲ್ ಬದಲು ಹೊತ್ತುಹೊತ್ತಿಗೆ ಪ್ಯಾರಾಸಿಟಮಾಲ್ ಮತ್ತು ಬೇಕಿದ್ದರೆ ನೋವಿನ ನರವನ್ನು ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್. ನೋವನ್ನು ಹಾಗೇ ಬಿಟ್ಟರೆ ಅದೂ ಡೆಲಿರಿಯಂ ಹೆಚ್ಚಿಸುತ್ತದೆ. ಕ್ಯಾತಿಟರ್ ಹಾಕಿ ಮೂತ್ರ ಹೊರಬಿಟ್ಟು, ಸಾಧ್ಯವಾದಷ್ಟು ಬೇಗ ತೆಗೆಯಬೇಕು. ಒಳಗಿರುವ ಕ್ಯಾತಿಟರೇ ಸೋಂಕಿಗೂ ಡೆಲಿರಿಯಂಗೂ ದಾರಿ. ಮಲ ಸಡಿಲಿಸುವ ಔಷಧ, ಹಗಲು ಬೆಳಕು, ಎಬ್ಬಿಸಿ ಕೂರಿಸುವುದು. ಸೋಡಿಯಂ ಇಳಿದ ಕಾರಣ ಹುಡುಕಿ ನಿಧಾನವಾಗಿ ಏರಿಸಬೇಕು, 24 ಗಂಟೆಯಲ್ಲಿ 8ಕ್ಕಿಂತ ಹೆಚ್ಚು ಬೇಡ. ಅವಸರಪಟ್ಟರೆ ಮೆದುಳಿಗೇ ಹಾನಿ.

ಕಾರಣ ಸರಿಯಾದರೂ ತಲೆ ತಿಳಿಯಾಗಲು ದಿನಗಳು, ಕೆಲವರಿಗೆ ವಾರಗಳೇ ಬೇಕು. ಅಷ್ಟರೊಳಗೆ ನೆನಪಿನ ಪರೀಕ್ಷೆ ಮಾಡಿ ಡಿಮೆನ್ಷಿಯಾ ಎಂದು ಬರೆದರೆ ಆ ಹೆಸರು ಫೈಲಿನಿಂದ ಫೈಲಿಗೆ ಹೋಗುತ್ತಿರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಡೆಲಿರಿಯಂ ಆಗಿತ್ತು, ಕಾರಣ ಇಂಥದ್ದು, ಸುಮಾರು ಮೂರು ತಿಂಗಳ ನಂತರ ನೆನಪು ಮತ್ತು ಮನಃಸ್ಥಿತಿ ಎರಡನ್ನೂ ಪರೀಕ್ಷಿಸಿ’ ಎಂದು ಬರೆದು, ಅದನ್ನೇ ಮಗಳಿಗೂ ಬಾಯಿಮಾತಿನಲ್ಲಿ ಹೇಳಿ ಕಳಿಸುತ್ತೇನೆ.