ಶೋಕೇಸ್ ಖಾಲಿ ಮಾಡಬೇಡಿ, ಗೋಡೆಗೆ ಬಿಗಿಯಿರಿ

ಮಗು ಅಂಬೆಗಾಲಿಡಲು ಶುರು ಮಾಡಿದ ಕೂಡಲೇ ಹಾಲ್‌ನ ಶೋಕೇಸ್ ಬರಿದಾಗಿ, ಗೊಂಬೆಗಳೆಲ್ಲ ಅಟ್ಟ ಸೇರುತ್ತವೆ. ಆದರೆ ದೊಡ್ಡ ಅಪಾಯ ಇರುವುದು ಶೋಕೇಸಿನಲ್ಲೇ. ಮಗು ಹಲಗೆ ಹಿಡಿದು ಎದ್ದು ನಿಂತಾಗ, ಡ್ರಾಯರ್ ಎಳೆದು ಅದರ ಮೇಲೆ ಹತ್ತಿದಾಗ ಭಾರ ಮುಂದಕ್ಕೆ ವಾಲಿ ಕಪಾಟು ಮಗುಚುತ್ತದೆ. ಕೆಳಗಿನ ಪುಸ್ತಕಗಳನ್ನು ತೆಗೆದಿಟ್ಟಿದ್ದರೆ ಇನ್ನೂ ಸುಲಭವಾಗಿ ಮಗುಚುತ್ತದೆ.

ಜಯನಗರದ ಬಾಡಿಗೆ ಮನೆಯೊಂದರಲ್ಲಿ ಐದು ಅಡಿ ಎತ್ತರದ, ಒಂದು ಅಡಿ ಆಳದ ಕಪಾಟಿದೆ ಎಂದುಕೊಳ್ಳಿ. ನಮ್ಮ ಮನೆಗಳಲ್ಲಿ ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಟೈಲ್ಸ್ ಇರುವುದರಿಂದ ಕಪಾಟು ಗೋಡೆಗೆ ಒತ್ತಿ ನಿಲ್ಲುವುದಿಲ್ಲ. ಮೇಲೆ ಸುಮಾರು ಒಂದು ಸೆಂಟಿಮೀಟರ್ ಸಂದಿ ಉಳಿಯುತ್ತದೆ. ಆ ಸಂದಿಗೆ ಅಷ್ಟೇ ದಪ್ಪದ ಮರದ ತುಂಡು ಕೊಟ್ಟು, ಎರಡು ಕಡೆ ಎಲ್ ಕ್ಲಾಂಪ್ ಹಾಕಬೇಕು. ಕ್ಲಾಂಪನ್ನು ಹಿಂಬದಿಯ ತೆಳು ಹಲಗೆಗೆ ಹೊಡೆದರೆ ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ದಪ್ಪವಿರುವ ಮೇಲಿನ ಹಲಗೆಗೇ ಕೂರಿಸಿ.

ಗೋಡೆಗೆ 8 ಮಿ.ಮೀ. ಬಿಟ್‌ನಿಂದ 60 ಮಿ.ಮೀ. ಆಳ ಕೊರೆದು, ಪ್ಲಾಸ್ಟಿಕ್ ಗಿಟ್ಟಿ ಹಾಕಿ, 50 ಮಿ.ಮೀ. ಸ್ಕ್ರೂ ಬಿಗಿಯಿರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ. ವೈರಿನ ಪೈಪು ಅಲ್ಲೇ ಹೋಗಿರುತ್ತದೆ. ಕೊರೆಯುವಾಗ ಮೊದಲು ಗಾರೆಯ ಬೂದು ಪುಡಿ, ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ ಸಿಕ್ಕಿದೆ, ಹಿಡಿತ ಗಟ್ಟಿ. ಡ್ರಿಲ್ ಸರಕ್ಕನೆ ಒಳಗೆ ಜಾರಿದರೆ ಅದು ಟೊಳ್ಳು ಬ್ಲಾಕ್. ಅಲ್ಲಿ ಮಾಮೂಲಿ ಗಿಟ್ಟಿ ಸುಮ್ಮನೆ ತಿರುಗುತ್ತದೆ; ಹಾರ್ಡ್‌ವೇರ್ ಅಂಗಡಿಯಲ್ಲಿ ಟೊಳ್ಳು ಗೋಡೆಗೆಂದೇ ಕೇಳಿ ತನ್ನಿ. ಎಲ್ಲ ಬಿಗಿದ ಮೇಲೆ ಮೇಲಂಚು ಹಿಡಿದು ಜೋರಾಗಿ ಎಳೆದು ನೋಡಿ. ಗಾರೆ ಉದುರಿದರೆ, ಕ್ಲಾಂಪ್ ಅಲುಗಿದರೆ ಜಾಗ ಬದಲಿಸಿ ಮತ್ತೆ ಕೊರೆಯಬೇಕು. ಮನೆ ಬಿಡುವಾಗ ಆ ತೂತುಗಳಿಗೆ ವಾಲ್ ಪುಟ್ಟಿ ತುಂಬಿದರಾಯಿತು.

ಈಗ ಅಲಂಕಾರ. ನೆಲದಿಂದ ಮೂರು ಅಡಿವರೆಗಿನದು ಮಗುವಿನ ಜಾಗ. ತೀರಾ ಕೆಳಗಿನ ಹಲಗೆಯಲ್ಲಿ ದಪ್ಪ ಪುಸ್ತಕಗಳನ್ನು ಎಳೆದರೂ ಬಾರದಷ್ಟು ಒತ್ತಾಗಿ ಜೋಡಿಸಿ. ಅದರ ಮೇಲೆ ಬೆತ್ತದ ಬುಟ್ಟಿ, ಬಟ್ಟೆಗೊಂಬೆ, ಮಗುವಿನ ಮುಷ್ಟಿಗಿಂತ ದೊಡ್ಡದಾದ ಚನ್ನಪಟ್ಟಣದ ಗೊಂಬೆ ಇಡಿ. ಬಣ್ಣಕ್ಕೆ ಬಣ್ಣವೂ ಇರುತ್ತದೆ, ಮುಟ್ಟಿದರೆ ಬೈಯುವ ಗೋಜೂ ಇಲ್ಲ. ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಇಲ್ಲಿ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಟನ್ ಸೆಲ್ ಹಾಕಿದ ದೀಪ, ರಿಮೋಟ್‌ಗಳಂತೂ ಮಗುವಿನ ಕೈಗೆ ಎಟುಕಲೇಬಾರದು. ಆ ಸೆಲ್ ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಗಾಜು, ಪಿಂಗಾಣಿ, ದಸರೆಯ ಮಣ್ಣಿನ ಗೊಂಬೆಗಳು ಮೇಲಿನ ಎರಡು ಹಲಗೆಗಳಿಗೆ. ಅಲ್ಲಿಂದ ಯಾವ ಬಟ್ಟೆಯ ಅಂಚೂ ಕೆಳಗೆ ಇಳಿಬೀಳದಿರಲಿ. ಮನಿ ಪ್ಲಾಂಟಿನ ಎಲೆ ಅಗಿದರೆ ಬಾಯಿ ಉರಿಯುತ್ತದೆ. ಅದನ್ನು ಕಿಟಕಿಯ ಮೇಲ್ಗಂಬಿಗೆ ತೂಗುಹಾಕಿ, ಬಳ್ಳಿ ಇಳಿದಂತೆಲ್ಲ ಮೇಲಕ್ಕೆ ಸುತ್ತಿಡಿ.