ವೈರ್‌ಲೆಸ್ ಕೀಬೋರ್ಡ್ ತಪ್ಪು ಅಕ್ಷರ ಹೊಡೆಯುತ್ತಿದ್ದರೆ ರಿಸೀವರ್‌ನ ಪಕ್ಕದಲ್ಲಿ ಏನಿದೆ ನೋಡಿ

ವೈರ್‌ಲೆಸ್ ಕೀಬೋರ್ಡ್ ಸರಿಯಿಲ್ಲ ಎಂದು ಯಾರಾದರೂ ತಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಒತ್ತಿದ ಅಕ್ಷರದ ಬದಲು ಬೇರೆಯದು ಬೀಳುತ್ತಿದೆಯೋ, ಅಥವಾ ಅಕ್ಷರ ಬೀಳದೇ ಹೋಗುವುದು, ತಡವಾಗಿ ಬರುವುದು, ಒಂದೇ ಅಕ್ಷರ ಸಾಲುಗಟ್ಟುವುದು ಆಗುತ್ತಿದೆಯೋ? ಇವೆರಡರ ಕಾರಣಗಳು ಬೇರೆ ಬೇರೆ. ಕೀಬೋರ್ಡ್ ಗಾಳಿಯಲ್ಲಿ ಕಳಿಸುವ ಪ್ರತಿಯೊಂದು ಪ್ಯಾಕೆಟ್‌ನ ಜೊತೆ ಅದು ಸರಿಯಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆಯೂ ಹೋಗುತ್ತದೆ. ದಾರಿಯಲ್ಲಿ ಕೆಟ್ಟ ಪ್ಯಾಕೆಟನ್ನು ರಿಸೀವರ್ ಎಸೆದುಬಿಡುತ್ತದೆ. ಹಾಗಾಗಿ ರೇಡಿಯೊ ಅಡಚಣೆಯಿಂದ a ಹೋಗಿ s ಆಗುವುದಿಲ್ಲ. A ಕಳೆದುಹೋಗುತ್ತದೆ, ಅಷ್ಟೇ. ಕೀಲಿ ಒತ್ತಿದ ಸುದ್ದಿ ತಲುಪಿ, ಬಿಟ್ಟ ಸುದ್ದಿ ಕಳೆದುಹೋದರೆ ಕಂಪ್ಯೂಟರು ಅದನ್ನು ಇನ್ನೂ ಒತ್ತಿ ಹಿಡಿದಿದ್ದಾರೆಂದು ತಿಳಿದು aaaaaa ಎಂದು ಬರೆಯುತ್ತಾ ಹೋಗುತ್ತದೆ.

ಕನ್ನಡ ಟೈಪ್ ಮಾಡುವವರಿಗೆ ಇಲ್ಲೊಂದು ಮೋಸವಿದೆ. ನುಡಿಯ ಕೀಲಿವಿನ್ಯಾಸದಲ್ಲಿ ‘ಭಕ್ತ’ ಬರೆಯಲು Bkft ಒತ್ತಬೇಕು. ನಡುವಿನ f ಒಂದು ಕಳೆದರೆ ಪರದೆಯಲ್ಲಿ ‘ಭಕತ’ ಬೀಳುತ್ತದೆ. ನೋಡಿದವರಿಗೆ ಇದು ತಪ್ಪು ಅಕ್ಷರ, ಆದರೆ ಆಗಿರುವುದು ಅಕ್ಷರನಷ್ಟ. ಆದ್ದರಿಂದ ಪರೀಕ್ಷೆಯನ್ನು ಯಾವಾಗಲೂ ಇಂಗ್ಲಿಷ್‌ಗೆ ಬದಲಿಸಿಕೊಂಡೇ ಮಾಡಿ. ನೋಟ್‌ಪ್ಯಾಡ್ ತೆರೆದು, ಮೇಲಿನ ಸಾಲಿನ ಕೀಲಿಗಳಿಂದ ನಿಮ್ಮ ಮಾಮೂಲಿ ವೇಗದಲ್ಲಿ 1234567890 ಹೊಡೆದು ಎಂಟರ್ ಒತ್ತಿ. ಹೀಗೆ ಇಪ್ಪತ್ತು ಸಾಲು ಹೊಡೆಯಿರಿ. ಎಲ್ಲ ಸಾಲೂ ಒಂದೇ ಉದ್ದ ಇರಬೇಕು. ಗಿಡ್ಡ ಸಾಲಿದ್ದರೆ ಅಂಕಿ ಕಳೆದಿದೆ, ಉದ್ದವಿದ್ದರೆ ಮರುಕಳಿಸಿದೆ. ತಪ್ಪು ಪ್ರತಿ ಸಾಲಿನಲ್ಲೂ ಒಂದೇ ಅಂಕಿಯಲ್ಲಿ ಆಗುತ್ತಿದ್ದರೆ ಆ ಕೀಲಿಯೇ ಸವೆದಿದೆ, ಮುಂದಿನ ಯಾವ ಉಪಾಯವೂ ಅದಕ್ಕೆ ಉಪಯೋಗವಿಲ್ಲ. ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ಆದರೆ ದೋಷ ಬ್ಯಾಟರಿಯದ್ದು ಅಥವಾ ರೇಡಿಯೊದ್ದು.

ನಿಜವಾಗಿಯೂ ಬೇರೆ ಅಕ್ಷರವೇ ಬೀಳುತ್ತಿದ್ದರೆ ಸೆಲ್ ಬದಲಿಸಲು ಹೋಗಬೇಡಿ. @ ಒತ್ತಿದರೆ " ಬರುತ್ತಿದ್ದರೆ ವಿಂಡೋಸ್‌ನಲ್ಲಿ ಯುಕೆ ವಿನ್ಯಾಸ ಆಯ್ಕೆಯಾಗಿದೆ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಸರಿಯಾದುದಕ್ಕೆ ಬದಲಿಸಿ. ಸಣ್ಣ ಕೀಬೋರ್ಡಿನಲ್ಲಿ u, i, o ಜಾಗದಲ್ಲಿ 4, 5, 6 ಬಂದರೆ ನಮ್ ಲಾಕ್ ಹಾಕಿದೆ. ಇನ್ನೊಂದು ಹೆಚ್ಚಿನವರ ಗಮನಕ್ಕೆ ಬಾರದ್ದು: ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಒತ್ತಿಹಿಡಿದರೆ Filter Keys ಆನ್ ಮಾಡಬೇಕೇ ಎಂದು ವಿಂಡೋಸ್ ಕೇಳುತ್ತದೆ. ಓದದೇ ಎಂಟರ್ ಒತ್ತಿದರೆ ಅದು ಆನ್ ಆಗಿ, ಚುಟುಕಾಗಿ ಒತ್ತಿದ ಕೀಲಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಥೇಟ್ ಬ್ಯಾಟರಿ ಸತ್ತ ಕೀಬೋರ್ಡಿನ ಲಕ್ಷಣ. ಸೆಟ್ಟಿಂಗ್ಸ್‌ನ Accessibility, Keyboard ಒಳಗೆ ಹೋಗಿ ಆಫ್ ಮಾಡಿ.

ಬ್ಯಾಟರಿಗೆ ಹೆಚ್ಚು ಹೊತ್ತು ಬೇಡ. ಮೀಟರ್ ಹಿಡಿದು 1.4 ವೋಲ್ಟ್ ಇದೆ ಎಂದು ನಂಬಬೇಡಿ. ಹೊರಗೆ ತೆಗೆದ ಸೆಲ್ ಮೇಲೆ ಭಾರವೇ ಇರುವುದಿಲ್ಲ. ಅಗ್ಗದ ಜಿಂಕ್ ಕಾರ್ಬನ್ ಪೆನ್ಸಿಲ್ ಸೆಲ್‌ಗಳಿಗೆ ಒಳರೋಧ ಹೆಚ್ಚು, ಕೀಬೋರ್ಡ್ ಸಿಗ್ನಲ್ ಕಳಿಸುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹೊಸ ಆಲ್ಕಲೈನ್ ಸೆಲ್ ಹಾಕಿ (ಎರಡು ಬೇಕಿದ್ದರೆ ಎರಡನ್ನೂ ಬದಲಿಸಿ), ಮತ್ತೆ ಇಪ್ಪತ್ತು ಸಾಲು ಹೊಡೆಯಿರಿ. ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಂಡರೆ ಹಳೆಯ ಆಲ್ಕಲೈನ್ ಸೆಲ್ ಸೋರಿದೆ ಎಂದರ್ಥ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಸ್ವಲ್ಪವೇ ಅದ್ದಿ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಚಾರ್ಜ್ ಮಾಡುವ ಸೆಲ್ ಬಳಸುವವರಿಗೆ ಒಂದು ಮಾತು: ಅವು 1.2 ವೋಲ್ಟಿನವು, ತುಂಬಿದ್ದರೂ ಕೆಲವು ಕೀಬೋರ್ಡ್‌ಗಳು ಬ್ಯಾಟರಿ ಕಡಿಮೆ ಎಂದೇ ತೋರಿಸುತ್ತವೆ.

ಹೊಸ ಸೆಲ್ ಹಾಕಿದ ಮೇಲೂ ಸಾಲುಗಳು ಗಿಡ್ಡವಾಗಿದ್ದರೆ ರಿಸೀವರ್ ಕಡೆ ಬನ್ನಿ. ಆಫೀಸುಗಳಲ್ಲಿ ಪದೇ ಪದೇ ಸಿಗುವ ಪ್ರಕರಣ ಹೀಗಿರುತ್ತದೆ. ಕಬ್ಬಿಣದ ಸಿಪಿಯು ಡಬ್ಬ ಮೇಜಿನ ಕೆಳಗೆ. ಮುಂಭಾಗದಲ್ಲಿ ಎರಡು ನೀಲಿ ಯುಎಸ್‌ಬಿ 3.0 ಪೋರ್ಟ್, ಒಂದರಲ್ಲಿ ಕೀಬೋರ್ಡಿನ ರಿಸೀವರ್, ಪಕ್ಕದ್ದರಲ್ಲಿ ಬ್ಯಾಕಪ್‌ನ ಹಾರ್ಡ್ ಡಿಸ್ಕ್. ಬೆಳಿಗ್ಗೆಯೆಲ್ಲ ಕೀಬೋರ್ಡ್ ಚೆನ್ನಾಗಿರುತ್ತದೆ, ಸಂಜೆ ಬ್ಯಾಕಪ್ ಶುರುವಾದರೆ ಅಕ್ಷರ ನುಂಗತೊಡಗುತ್ತದೆ. ಕಾರಣ ಸರಳ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ದತ್ತಾಂಶ ಸಾಗಿಸುವಾಗ ಹೊರಸೂಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ. ಕೀಬೋರ್ಡ್ ಮಾತಾಡುವುದೂ ಅದೇ ಪಟ್ಟಿಯಲ್ಲಿ. ಇಂಟೆಲ್ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಜೋಡಿಸಿದಾಗ ಈ ಪಟ್ಟಿಯ ಗದ್ದಲ ಹತ್ತಿರಹತ್ತಿರ 20 ಡೆಸಿಬೆಲ್ ಏರಿದ್ದು ದಾಖಲಾಗಿದೆ. ಶಕ್ತಿಯ ಲೆಕ್ಕದಲ್ಲಿ ಅದು ಸುಮಾರು ನೂರು ಪಟ್ಟು. ಜಾತ್ರೆಯ ಡೊಳ್ಳಿನ ಪಕ್ಕ ನಿಂತು ಫೋನಿನಲ್ಲಿ ಮಾತು ಕೇಳಿಸಿಕೊಳ್ಳುವ ಪಾಡು ರಿಸೀವರ್‌ನದ್ದು.

ನೀಲಿ ಪೋರ್ಟಿಗೆ ಚುಚ್ಚಿದ್ದೇ ತಪ್ಪು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಕ್ಕದ ಪೋರ್ಟಿನಲ್ಲಿ ಕೆಲಸ ಮಾಡುವ 3.0 ಸಾಧನ ಇಲ್ಲದಿದ್ದರೆ ನೀಲಿ ಪೋರ್ಟಿನಲ್ಲೂ ಸಾಮಾನ್ಯವಾಗಿ ತೊಂದರೆ ಕಾಣುವುದಿಲ್ಲ. ಖಚಿತಪಡಿಸಿಕೊಳ್ಳುವುದು ಹೀಗೆ: ಡಿಸ್ಕಿಗೆ ಕೆಲವು ಜಿಬಿಯ ದೊಡ್ಡ ಫೈಲ್ ಕಾಪಿಗೆ ಹಾಕಿ, ಅದು ನಡೆಯುತ್ತಿರುವಾಗಲೇ ಇಪ್ಪತ್ತು ಸಾಲು ಹೊಡೆಯಿರಿ. ಕಾಪಿ ಮುಗಿದ ಮೇಲೆ ಡಿಸ್ಕನ್ನು ಎಜೆಕ್ಟ್ ಮಾಡಿ, ಕಿತ್ತು, ಮತ್ತೆ ಇಪ್ಪತ್ತು. ಮೊದಲ ಸುತ್ತಿನಲ್ಲಿ ಗಿಡ್ಡ ಸಾಲುಗಳಿದ್ದು ಎರಡನೆಯದರಲ್ಲಿ ಒಂದೂ ಇಲ್ಲದಿದ್ದರೆ ಕಳ್ಳ ಸಿಕ್ಕ.

ಪರಿಹಾರ ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್. ರಿಸೀವರನ್ನು ಅದರ ತುದಿಗೆ ಹಾಕಿ ಮೇಜಿನ ಮೇಲೆ, ಕೀಬೋರ್ಡಿನಿಂದ ಒಂದು ಗೇಣು ದೂರದಲ್ಲಿ ಇಡಿ. ಇದರಿಂದ ಗದ್ದಲದ ಮೂಲ ದೂರವಾಗುತ್ತದೆ, ಕಬ್ಬಿಣದ ಡಬ್ಬ ಅಡ್ಡ ಬರುವುದೂ ತಪ್ಪುತ್ತದೆ. 3.0 ಕೇಬಲ್‌ಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ, ರಿಸೀವರ್‌ಗೆ ಆ ವೇಗವೇ ಬೇಡ. ರಿಸೀವರನ್ನು ಸಿಪಿಯು ಹಿಂಭಾಗದ ಕಪ್ಪು ಪೋರ್ಟಿಗೆ ಬದಲಿಸಿದರೆ ಗದ್ದಲ ತಪ್ಪುತ್ತದೆ, ಆದರೆ ಡಬ್ಬದ ಮರೆ ಹಾಗೇ ಉಳಿಯುತ್ತದೆ. ಅದು ಅರ್ಧ ಪರಿಹಾರ. ಲ್ಯಾಪ್‌ಟಾಪಿನಲ್ಲಿ ಡಿಸ್ಕನ್ನು ಎಡಕ್ಕೆ, ರಿಸೀವರನ್ನು ಬಲಕ್ಕೆ ಹಾಕಿದರೆ ಎಷ್ಟೋ ಸಲ ಸಾಕಾಗುತ್ತದೆ.

ಡಿಸ್ಕ್ ಇಲ್ಲದೆಯೂ ತೊಂದರೆಯಿದ್ದರೆ ವೈಫೈ ನೋಡಿ. ಡೆಸ್ಕ್‌ಟಾಪಿಗೆ ಹಾಕುವ ಪುಟ್ಟ ವೈಫೈ ಡಾಂಗಲ್ ರಿಸೀವರ್‌ಗೆ ಅಂಟಿಕೊಂಡಂತೆ ಇದ್ದರೆ ಅದರ ಪ್ರಸಾರ ಕೀಬೋರ್ಡಿನ ಸಿಗ್ನಲನ್ನು ಮುಳುಗಿಸುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹೊಡೆಯಿರಿ:

```
netsh wlan show interfaces
```

Channel ಎಂಬ ಸಾಲಿನಲ್ಲಿ 1ರಿಂದ 13ರೊಳಗಿನ ಸಂಖ್ಯೆ ಇದ್ದರೆ ಸಾಮಾನ್ಯವಾಗಿ ನೀವು 2.4 ಗಿಗಾಹರ್ಟ್ಸ್‌ನಲ್ಲಿದ್ದೀರಿ. 36 ಅಥವಾ ಅದಕ್ಕಿಂತ ಮೇಲಿದ್ದರೆ ವೈಫೈ ಬೇರೆ ಪಟ್ಟಿಯಲ್ಲಿದೆ, ಅದನ್ನು ಬಿಟ್ಟುಬಿಡಿ. ರೌಟರ್ ಮತ್ತು ಡಾಂಗಲ್ ಎರಡಕ್ಕೂ 5 ಗಿಗಾಹರ್ಟ್ಸ್ ಬರುವುದಾದರೆ ಅದಕ್ಕೆ ಬದಲಿಸಿ. ಇಲ್ಲದಿದ್ದರೆ ಡಾಂಗಲನ್ನು ಹಿಂದಕ್ಕೆ ಹಾಕಿ, ರಿಸೀವರನ್ನು ಕೇಬಲ್ ತುದಿಯಲ್ಲಿ ಮುಂದೆ ತನ್ನಿ.

ಬ್ಲೂಟೂತ್ ಕೀಬೋರ್ಡಿಗೆ ರಿಸೀವರ್ ಜಾಗ ಬದಲಿಸುವ ಈ ದಾರಿ ಇಲ್ಲ, ಆಂಟೆನಾ ಲ್ಯಾಪ್‌ಟಾಪಿನ ಒಳಗೇ ಇರುತ್ತದೆ. ಅಲ್ಲಿ ನಿಮ್ಮ ಕೈಯಲ್ಲಿರುವುದು ಡಿಸ್ಕ್, ಯುಎಸ್‌ಬಿ ಹಬ್ ಮತ್ತು ಅವುಗಳ ಕೇಬಲ್‌ಗಳನ್ನು ದೂರ ಇಡುವುದು, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಕಳಿಸುವುದು. ಸ್ವಲ್ಪ ಹೊತ್ತು ಬಿಟ್ಟು ಟೈಪ್ ಮಾಡಿದಾಗ ಮೊದಲ ಅಕ್ಷರ ಮಾತ್ರ ತಡವಾಗಿ ಬರುತ್ತಿದ್ದರೆ ಅದು ಅಡಚಣೆಯಲ್ಲ. ಬ್ಯಾಟರಿ ಉಳಿಸಲು ಮಲಗಿದ್ದ ಕೀಬೋರ್ಡ್ ಏಳುತ್ತಿದೆ.