ಥ್ಯಾಂಕ್ಸ್ ಪತ್ರದಿಂದ ಮುಂದಿನ ಕೆಲಸ ಬಂದದ್ದು ಹೇಗೆ: ನನ್ನ ಅನುಭವ

ದೊಡ್ಡ ಪ್ರಾಜೆಕ್ಟ್ ಮುಗಿದ ಮೇಲೆ ಕ್ಲೈಂಟ್‌ಗೆ ಥ್ಯಾಂಕ್ಸ್ ಪತ್ರ ನಾವೆಲ್ಲ ಕಳಿಸುತ್ತೇವೆ. ನಾನೂ ವರ್ಷಗಟ್ಟಲೆ ಕಳಿಸಿದ್ದೇನೆ. ಒಂದೇ ಪತ್ರದಲ್ಲಿ ಧನ್ಯವಾದ, ಹತ್ತು ಹನ್ನೆರಡು ಪ್ರಶ್ನೆಗಳ ಫೀಡ್‌ಬ್ಯಾಕ್ ಫಾರ್ಮ್, ಕೊನೆಗೆ 'ನಿಮ್ಮ ಪರಿಚಯದವರಿಗೂ ನಮ್ಮ ಬಗ್ಗೆ ಹೇಳಿ' ಅಂತ ಒಂದು ಸಾಲು. ಫಾರ್ಮ್ ತುಂಬಿದವರು ಹತ್ತರಲ್ಲಿ ಒಬ್ಬರೂ ಇಲ್ಲ. ಅದರಿಂದ ಹೊಸ ಕೆಲಸವಂತೂ ಬರಲೇ ಇಲ್ಲ.

ಫಲ ಕೊಟ್ಟಿದ್ದು ಬೇರೆ ದಾರಿ. ಒಂದು ಸಗಟು ವ್ಯಾಪಾರದ ಕಂಪನಿಯ ಸ್ಟಾಕ್ ಮತ್ತು ಬಿಲ್ಲಿಂಗ್ ಡೇಟಾವನ್ನೆಲ್ಲ ಹಳೆಯ ಸಾಫ್ಟ್‌ವೇರ್‌ನಿಂದ ಹೊಸದಕ್ಕೆ ಸಾಗಿಸುವ ಕೆಲಸ, ಸುಮಾರು ಎಂಟು ತಿಂಗಳು ಹಿಡಿಯಿತು. ಆ ವರ್ಷದ ನನ್ನ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಅದರಿಂದಲೇ ಬಂತು. ಹ್ಯಾಂಡೋವರ್ ಆದ ದಿನ ನಾನು ಪತ್ರ ಕಳಿಸಲಿಲ್ಲ. ಕೊನೆಯ ಕಂತು, ಒಟ್ಟು ಹಣದ ಹತ್ತನೇ ಒಂದು ಭಾಗ, ಇನ್ನೂ ಬಾಕಿ ಇತ್ತು. ಆಗ ಥ್ಯಾಂಕ್ಸ್ ಹೇಳಿದರೆ ಅದು ದುಡ್ಡಿನ ನೆನಪೋಲೆ ಥರ ಕಾಣುತ್ತದೆ. ಇನ್ನೊಂದು ಕಾರಣ, ಅವರು ತಾವೇ ಒಂದು ತಿಂಗಳ ಲೆಕ್ಕ ಮುಗಿಸುವವರೆಗೆ ಕೆಲಸ ಚೆನ್ನಾಗಿದೆಯೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಐದಾರು ವಾರ ಕಾದೆ. 'ಅಷ್ಟರಲ್ಲಿ ನಿನ್ನ ಹೆಸರೇ ಮರೆತಿರುತ್ತಾರೆ' ಅಂತ ಜೊತೆಯವರು ಹೇಳಿದರು. ಯಾರೂ ಮರೆಯಲಿಲ್ಲ, ಆ ಸಾಫ್ಟ್‌ವೇರನ್ನು ಅವರು ದಿನಾ ತೆರೆಯುತ್ತಾರಲ್ವಾ!

ಪತ್ರ ಹೋಗಿದ್ದು ಒಪ್ಪಂದಕ್ಕೆ ಸಹಿ ಹಾಕಿದ ನಿರ್ದೇಶಕರಿಗೆ, ಅದರ ಒಂದು ಕಾಪಿ ಸ್ಟಾಕ್ ನೋಡಿಕೊಳ್ಳುವವರಿಗೆ. ಹೀಗಿತ್ತು:

'ಹಳೆಯ ಪಟ್ಟಿಯಲ್ಲಿ ಒಂದೇ ಸಾಮಾನಿಗೆ ಮೂರು ನಾಲ್ಕು ಕೋಡ್ ಇದ್ದವು. ಯಾವುದು ಉಳಿಯಬೇಕು ಅಂತ ನಿಮ್ಮ ಸ್ಟಾಕ್ ವಿಭಾಗದವರು ಕೂತು ತೀರ್ಮಾನ ಮಾಡಿಕೊಟ್ಟಿದ್ದರಿಂದಲೇ ಮೊದಲ ತಿಂಗಳ ಲೆಕ್ಕ ತಾಳೆಯಾಯಿತು. ಅದಕ್ಕೆ ನಿಮಗೂ ಅವರಿಗೂ ತುಂಬಾ ಥ್ಯಾಂಕ್ಸ್. ಒಂದೇ ಪ್ರಶ್ನೆ ಕೇಳುತ್ತೇನೆ. ಇದೇ ಕೆಲಸವನ್ನು ಮತ್ತೆ ಮೊದಲಿನಿಂದ ಶುರು ಮಾಡುವುದಾದರೆ, ನಾವು ಯಾವುದನ್ನು ಬೇರೆ ರೀತಿ ಮಾಡಬೇಕು ಅನ್ನುತ್ತೀರಿ? ಎರಡು ಸಾಲು ಬರೆದರೂ ಸಾಕು.'

ಅಷ್ಟೇ. ಫಾರ್ಮ್ ಇಲ್ಲ, ಪರಿಚಯ ಮಾಡಿಸಿ ಅನ್ನುವ ಮಾತೂ ಇಲ್ಲ. ನಮ್ಮ ಕೆಲಸ ನಿಮಗೆ ಹಿಡಿಸಿತಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಈ ಪ್ರಶ್ನೆಗೆ ಮಾತ್ರ ಸಂಕೋಚ ಇಲ್ಲದೆ ಕೊರತೆ ಹೇಳಬಹುದು. ಎರಡು ದಿನದಲ್ಲಿ ಉದ್ದನೆಯ ಉತ್ತರ ಬಂತು. ಹಳೆಯದು ಹೊಸದು ಎರಡರಲ್ಲೂ ಎಂಟ್ರಿ ಮಾಡಬೇಕಿದ್ದ ವಾರಗಳು ಸಿಬ್ಬಂದಿಗೆ ಭಾರವಾದವು, ಅದಕ್ಕೆ ಎಷ್ಟು ಜನ ಬೇಕು ಅಂತ ಕೊಟೇಶನ್‌ನಲ್ಲೇ ಬರೆದರೆ ಒಬ್ಬರನ್ನು ಜಾಸ್ತಿ ಹಾಕಬಹುದು ಅಂತ. ಈಗ ನನ್ನ ಪ್ರತಿ ಕೊಟೇಶನ್‌ನಲ್ಲೂ ಆ ಸಾಲು ಇದೆ.

ಆ ಉತ್ತರಕ್ಕೆ ನಾನು ಬರೆದ ಮರುಉತ್ತರದಲ್ಲಿ ಮಾತ್ರ ಪರಿಚಯದ ಮಾತು ತೆಗೆದೆ. 'ಯಾರಿಗಾದರೂ ಹೇಳಿ' ಅಂದರೆ ಯಾರ ಮುಖವೂ ನೆನಪಾಗುವುದಿಲ್ಲ. ಅದಕ್ಕೆ ಹೀಗೆ ಕೇಳಿದೆ: 'ಹಳೆಯ ಸಾಫ್ಟ್‌ವೇರ್‌ಗೆ ಸಪೋರ್ಟ್ ನಿಂತುಹೋಗಿ, ಸ್ಟಾಕ್ ಲೆಕ್ಕವನ್ನು ಬೇರೆಯಾಗಿ ಎಕ್ಸೆಲ್‌ನಲ್ಲಿ ಇಟ್ಟುಕೊಂಡು ಒದ್ದಾಡುತ್ತಿರುವವರು ನಿಮ್ಮ ಕಡೆ ಯಾರಾದರೂ ಇದ್ದಾರಾ?' ಕೆಳಗೆ ಹಾಗೇ ಫಾರ್ವರ್ಡ್ ಮಾಡಬಹುದಾದ ನಾಲ್ಕು ಸಾಲು ಇಟ್ಟೆ, ಏನು ಮಾಡಿದೆವು, ಎಷ್ಟು ಸಮಯ ಹಿಡಿಯಿತು, ನನ್ನ ನಂಬರ್. ಅವರು ಬರೆಯಬೇಕಾದ್ದು ಏನೂ ಉಳಿದಿರಲಿಲ್ಲ. ಎರಡು ಪರಿಚಯ ಸಿಕ್ಕಿತು. ಅದರಲ್ಲಿ ಒಂದು ಕೆಲಸವಾಯಿತು, ಮೊದಲಿನದರ ಮೂರನೇ ಎರಡು ಭಾಗದಷ್ಟು ದೊಡ್ಡದು, ಮತ್ತು ರೇಟ್ ವಿಷಯದಲ್ಲಿ ಚೌಕಾಸಿಯೇ ನಡೆಯಲಿಲ್ಲ. ಆಮೇಲೂ ಇದೇ ಕ್ರಮದಲ್ಲಿ ಬರೆಯುತ್ತಿದ್ದೇನೆ, ಅರ್ಧಕ್ಕಿಂತ ಜಾಸ್ತಿ ಜನ ಉತ್ತರ ಕೊಡುತ್ತಾರೆ.

ನಡುವೆ ಕಮಿಷನ್ ಕೊಡುತ್ತೇನೆ ಅಂತಲೂ ಒಬ್ಬ ಮ್ಯಾನೇಜರ್‌ಗೆ ಬರೆದು ನೋಡಿದ್ದೆ. ಅವರು ಸಂಬಳಕ್ಕಿರುವವರು, ಅಂಥ ಹಣ ತೆಗೆದುಕೊಳ್ಳುವುದಕ್ಕೆ ಅವರ ಕಂಪನಿಯ ನಿಯಮ ಬಿಡುವುದಿಲ್ಲ. ಮೊದಲು ಮಾತಾಡುತ್ತಿದ್ದವರು ಆಮೇಲೆ ಮೌನವಾದರು. ಕೈಬರಹದ ಕಾರ್ಡನ್ನೂ ಕಳಿಸಿದ್ದೇನೆ. ಜನ ಅದನ್ನು ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ, ಖುಷಿಪಡುತ್ತಾರೆ, ಆದರೆ ಕಾರ್ಡಿಗೆ ಕೂತು ಉತ್ತರ ಬರೆಯುವವರು ಕಡಿಮೆ. ಪ್ರಶ್ನೆ ಇದ್ದರೆ ಇಮೇಲೇ ಸರಿ. ಇಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲಿ ಏನು ಬರೆಯುತ್ತೇನೆ ಅನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಬಹಳ ಕಷ್ಟಪಟ್ಟಿದ್ದೇನೆ.

ಉತ್ತರದಲ್ಲಿ ಅಸಮಾಧಾನ ಇದ್ದರೆ ಪರಿಚಯ ಕೇಳಲೇಬೇಡಿ. ಫೋನ್ ಮಾಡಿ, ಸರಿಪಡಿಸಿ, ಬಿಡಿ. ಹೊಗಳಿ ಬರೆದರೂ ಆ ಮಾತನ್ನು ವೆಬ್‌ಸೈಟ್‌ನಲ್ಲಿ ಹಾಕುವ ಮೊದಲು ಬೇರೆಯಾಗಿ ಒಪ್ಪಿಗೆ ಕೇಳಿ. ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಇದ್ದರೆ ಆ ನಾಲ್ಕು ಸಾಲಿನಲ್ಲಿ ಕ್ಲೈಂಟ್ ಹೆಸರೂ ಬರಬಾರದು. ಉತ್ತರವೇ ಬರದಿದ್ದರೆ ನಾನು ಎರಡು ವಾರ ಬಿಟ್ಟು ಒಂದು ಸಲ ಮಾತ್ರ ನೆನಪಿಸುತ್ತೇನೆ, ಅದೂ ಅದೇ ಪ್ರಶ್ನೆಯನ್ನಷ್ಟೇ.